ಒದ್ದೆ ಕೂದಲನ್ನು ಉಜ್ಜಬೇಡಿ, ಒತ್ತಿ

ಅಕ್ಕನ ಮಗಳು ವಿಜಯಪುರದಲ್ಲಿ ಡಿಗ್ರಿ ಓದುತ್ತಾಳೆ. ಸೊಂಟದ ತನಕ ಕೂದಲು. ದೀಪಾವಳಿಗೆ ಅವರ ಮನೆಗೆ ಹೋದಾಗ "ಮಾವಶಿ, ಕೂದಲಾ ಬಾಳ ಉದರಾಕತ್ತಾವ" ಅಂತ ಹಣಿಗೆಯನ್ನೇ ತಂದು ಮುಂದೆ ಹಿಡಿದಳು. ಅಷ್ಟೊತ್ತಿಗೆ ಎರಡು ಎಣ್ಣೆ ಬದಲಾಯಿಸಿದ್ದಾಯಿತು, ಒಂದು ಶಾಂಪೂ ಬಿಟ್ಟಿದ್ದಾಯಿತು. ಬೈತಲೆಯ ಎರಡೂ ಕಡೆ ಗಿಡ್ಡ ಗಿಡ್ಡ ಕೂದಲು ನೆಟ್ಟಗೆ ನಿಂತಿದ್ದವು, ಎಣ್ಣೆ ಹಚ್ಚಿದರೂ ಕೂಡುತ್ತಿರಲಿಲ್ಲ.

ಹಣಿಗೆಯಲ್ಲಿದ್ದ ಕೂದಲನ್ನು ಬಿಡಿಸಿ, ಬಿಳಿ ಹಾಳೆಯ ಮೇಲೆ ಇಪ್ಪತ್ತು ಎಳೆ ಸಾಲಾಗಿ ಇಟ್ಟೆವು. ಬೇರು ಸಮೇತ ಉದುರಿದ ಕೂದಲಾದರೆ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹಾಗೆ ಉದುರುವುದು ಎಲ್ಲರಿಗೂ ಇದ್ದದ್ದೇ. ಇವಳ ಇಪ್ಪತ್ತರಲ್ಲಿ ಹದಿಮೂರಕ್ಕೆ ಗಂಟೇ ಇರಲಿಲ್ಲ, ಹೆಚ್ಚಿನವು ಬೆರಳುದ್ದ, ಗೇಣುದ್ದ. ಅಂದರೆ ಉದುರಿದ್ದಲ್ಲ, ನಡುವೆ ಮುರಿದದ್ದು. ಮುರಿಯುವ ಕೂದಲಿಗೆ ಬುಡಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ಏನು ಪ್ರಯೋಜನ?

ಕಾರಣ ಮರುದಿನ ಬೆಳಿಗ್ಗೆ ಸಿಕ್ಕಿತು. ತಲೆ ಎರಕೊಂಡು ಹೊರಗೆ ಬಂದವಳೇ ಕೂದಲನ್ನು ಮುಂದಕ್ಕೆ ಚೆಲ್ಲಿ, ದಪ್ಪ ಟಾವೆಲ್ ಹಿಡಿದು, ಬೂದಿ ಹಾಕಿ ಹಂಡೆ ತಿಕ್ಕಿದಂತೆ ಎರಡೂ ಕೈಯಿಂದ ತಿಕ್ಕಿದಳು. ಆಮೇಲೆ ಅದೇ ಟಾವೆಲನ್ನು ಹಗ್ಗದಂತೆ ಹೊಸೆದು ಕೂದಲಿಗೆ ಛಟ್ ಛಟ್ ಅಂತ ಹೊಡೆದು ನೀರು ಜಾಡಿಸಿದಳು. ನಮ್ಮ ಅವ್ವಂದಿರೂ ಹಿತ್ತಲಲ್ಲಿ ನಿಂತು ಹೀಗೇ ಜಾಡಿಸುತ್ತಿದ್ದರು ಅಲ್ವಾ? ಆದರೆ ಅವರ ಕೈಯಲ್ಲಿ ಇರುತ್ತಿದ್ದದ್ದು ಬಹಳ ಸಲ ಹಳೇ ಧೋತರದ ತುಂಡು. ಅದು ಮಲ್ಲಿಗೆಯಷ್ಟು ಮೆತ್ತಗೆ.

ಕೂದಲಿನ ಹೊರಮೈ ಖಾನಾಪುರ ಕಡೆಯ ಹಂಚಿನ ಮಾಡಿನ ಹಾಗೆ. ಸಣ್ಣ ಸಣ್ಣ ಚಕ್ಕೆಗಳು ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು ಕೂತಿರುತ್ತವೆ. ಒದ್ದೆಯಾದಾಗ ಕೂದಲು ಉಬ್ಬುತ್ತದೆ, ಹಂಚಿನ ಅಂಚು ಸ್ವಲ್ಪ ಮೇಲೇಳುತ್ತದೆ. ಆಗ ಮೇಲಕ್ಕೂ ಕೆಳಕ್ಕೂ ತಿಕ್ಕಿದರೆ ಟಾವೆಲಿನ ದಾರದ ಕುಣಿಕೆಗಳು ಆ ಅಂಚಿಗೆ ಸಿಕ್ಕಿಕೊಂಡು ಹಂಚನ್ನೇ ಕಿತ್ತುಹಾಕುತ್ತವೆ. ಒಳಗೂ ತೊಂದರೆ ಇದೆ. ಕೂದಲಿನ ಪ್ರೋಟೀನನ್ನು ಹಿಡಿದಿಟ್ಟ ಕೆಲವು ಬೆಸುಗೆಗಳನ್ನು ನೀರು ಸಡಿಲ ಮಾಡುತ್ತದೆ. ಹಾಗಾಗಿ ಒದ್ದೆ ಕೂದಲು ರಬ್ಬರಿನಂತೆ ಎಳೆದಷ್ಟು ಬರುತ್ತದೆ, ಒಂದು ಮಿತಿ ದಾಟಿದರೆ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಒಣಗಿದಾಗ ಪರವಾಗಿಲ್ಲ ಅನ್ನಿಸಿದರೂ ಅದೇ ಜಾಗದಲ್ಲಿ ನಾಳೆ ಹಣಿಗೆ ತಾಗಿದರೆ ಪಟ್ ಅನ್ನುತ್ತದೆ.

ನಮ್ಮ ಕಡೆ ಇನ್ನೊಂದು ಕಷ್ಟ, ಬೋರಿನ ಗಡಸು ನೀರು. ಆ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿದ ಟಾವೆಲ್ ಸಂಜೆಗೆ ಹಪ್ಪಳ. ಮುಟ್ಟಿದರೇ ಗೊತ್ತಾಗುತ್ತದೆ.

ಈಗ ಒರೆಸುವ ಕ್ರಮಕ್ಕೆ ಬರೋಣ. ಮೊದಲ ಕೆಲಸ ಬಚ್ಚಲಲ್ಲೇ, ಬಟ್ಟೆ ಮುಟ್ಟುವ ಮೊದಲು. ಕೂದಲನ್ನು ಒಂದು ಭುಜದ ಮೇಲೆ ತಂದುಕೊಂಡು, ಕಿವಿಯ ಹತ್ತಿರದಿಂದ ಶುರು ಮಾಡಿ ಮುಷ್ಟಿಯಲ್ಲಿ ಮೆಲ್ಲಗೆ ಒತ್ತುತ್ತಾ ತುದಿಯ ತನಕ ಬನ್ನಿ. ಸೀರೆ ಹಿಂಡಿದಂತೆ ತಿರುಚಬೇಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಧಾರೆ ನಿಂತು ಹನಿ ಮಾತ್ರ ಉಳಿಯುತ್ತದೆ.

ಬಟ್ಟೆಗೆ ದುಡ್ಡು ಖರ್ಚು ಮಾಡಲೇಬೇಕು ಅಂತಿಲ್ಲ. ಹಳೇ ಧೋತರ, ಉಟ್ಟು ಉಟ್ಟು ಸವೆದ ಕಾಟನ್ ಸೀರೆ, ಹಳೇ ಟೀ ಶರ್ಟು, ಯಾವುದಾದರೂ ಸರಿ, ಮೇಲ್ಮೈ ನಯವಾಗಿದ್ದು ಕುಣಿಕೆ ಇರಬಾರದು. ಸೊಂಟದುದ್ದ ಕೂದಲಿಗೆ ಒಂದೊಂದು ಮೀಟರಿನ ಎರಡು ತುಂಡು ಇಟ್ಟುಕೊಳ್ಳಿ, ಮೊದಲನೆಯದು ಬೇಗ ತೊಯ್ಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಂತೂ ಎರಡನೆಯದು ಬೇಕೇ ಬೇಕು.

ಅಂಗಡಿಯಲ್ಲಿ ಸಿಗುವ ಮೈಕ್ರೋಫೈಬರ್ ಅಂದರೆ ಕೂದಲಿಗಿಂತ ಎಷ್ಟೋ ತೆಳ್ಳಗಿನ ಪಾಲಿಯೆಸ್ಟರ್ ಮತ್ತು ನೈಲಾನ್ ಎಳೆಗಳ ಬಟ್ಟೆ. ಎಳೆಗಳ ನಡುವಿನ ಸಂದಿಗಳು ನೀರನ್ನು ಎಳೆದುಕೊಳ್ಳುತ್ತವೆ, ಹಾಗಾಗಿ ತಿಕ್ಕುವ ಅಗತ್ಯವೇ ಇಲ್ಲ. ಕೊಳ್ಳುವಾಗ ಒರಟು ಬೆರಳಿನ ಮೇಲೆ ಎಳೆದು ನೋಡಿ. ಚರ್ಮಕ್ಕೆ ಅಂಟಿ ಅಂಟಿ ಎಳೆದರೆ ಅದು ಕಾರು ಒರೆಸುವ ಜಾತಿ, ಕೂದಲನ್ನೂ ಹಾಗೇ ಹಿಡಿಯುತ್ತದೆ. ನನ್ನನ್ನು ಕೇಳಿದರೆ, ಮನೆಯಲ್ಲಿ ಹಳೇ ಧೋತರ ಇರುವವರು ಇದಕ್ಕೆ ಹಣ ಹಾಕುವುದು ಬೇಡ. ಕೂದಲು ತುಂಬಾ ದಟ್ಟವಾಗಿದ್ದು ಬೆಳಿಗ್ಗೆ ಕಾಲೇಜಿನ ಅವಸರ ಇದ್ದವರಿಗೆ ಮಾತ್ರ ಅದರಿಂದ ಸಮಯ ಉಳಿಯುತ್ತದೆ. ಕೊಂಡರೆ, ಒಗೆಯುವಾಗ ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ಹಾಕಬೇಡಿ. ಎಳೆಗಳ ಸಂದಿ ಮುಚ್ಚಿ ನೀರು ಹೀರುವುದು ಕಡಿಮೆಯಾಗುತ್ತದೆ.

ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಅಂಗೈಯಿಂದ ನೆತ್ತಿ, ಕಿವಿಯ ಹಿಂದೆ, ಹೆಡಕು ಅಂತ ಜಾಗ ಬದಲಿಸುತ್ತಾ ಒತ್ತಿ. ಕೈ ಜಾರಬಾರದು, ಎತ್ತಿ ಇಡಬೇಕು. ನಂತರ ಉದ್ದಕ್ಕೆ ಬನ್ನಿ. ಕೂದಲನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ಬಟ್ಟೆಯ ಮಡಿಕೆಯೊಳಗೆ ಇಟ್ಟು, ಎರಡು ಅಂಗೈ ನಡುವೆ ಹಿಡಿದು ಹತ್ತು ಎಣಿಸಿ. ಬಿಟ್ಟು, ಗೇಣು ಕೆಳಗೆ ಹೋಗಿ. ಮತ್ತೆ ಹತ್ತು. ನಮ್ಮ ಹುಡುಗಿಗೆ ಎರಡೂ ಕಡೆ ಸೇರಿ ನಾಲ್ಕೈದು ನಿಮಿಷ ಹಿಡಿಯಿತು. ಮೊದಲ ದಿನ "ಇಷ್ಟೊತ್ತು ಯಾರ ನಿಂದರತಾರ" ಅಂತ ಗೊಣಗಿದಳು.

ಬೇಕಿದ್ದರೆ ಒಣ ತುಂಡನ್ನು ತಲೆಗೆ ಸುತ್ತಿ, ಆದರೆ ಸಡಿಲವಾಗಿ, ಹತ್ತು ಹದಿನೈದು ನಿಮಿಷ ಸಾಕು. ಹಣೆಯ ಅಂಚಿನ ಕೂದಲು ಜಗ್ಗುತ್ತಿದೆ ಅನ್ನಿಸಿದರೆ ಬಿಗಿ ಜಾಸ್ತಿಯಾಗಿದೆ ಅಂತಲೇ ಅರ್ಥ. ಬಿಚ್ಚಿದ ತಕ್ಷಣ ಹಣಿಗೆ ಹಿಡಿಯಬೇಡಿ. ನೆಟ್ಟನೆಯ ಕೂದಲಾದರೆ ಅರ್ಧಕ್ಕಿಂತ ಹೆಚ್ಚು ಆರಲಿ, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಮೆಲ್ಲಗೆ ಮೇಲಕ್ಕೆ ಹೋಗಿ. ತುಂಬಾ ಗುಂಗುರು ಕೂದಲಿನವರು ಮಾತ್ರ ತೇವ ಇರುವಾಗಲೇ ಬಿಡಿಸಿಕೊಳ್ಳುವುದು ಒಳ್ಳೆಯದು, ಒಣಗಿದರೆ ಸಿಕ್ಕು ಇನ್ನೂ ಗಟ್ಟಿ. ಒದ್ದೆಯಲ್ಲೇ ಬಿಗಿ ಹೆರಳು ಹಾಕುವುದಂತೂ ಯಾರಿಗೂ ಬೇಡ.

ಇದರಿಂದ ಮುರಿದ ಕೂದಲು ಕೂಡಿಕೊಳ್ಳುವುದಿಲ್ಲ. ಹೊರಗೆ ಬಂದ ಕೂದಲಿಗೆ ಜೀವವಿಲ್ಲ, ಕಿತ್ತ ಹಂಚು ಮತ್ತೆ ಹುಟ್ಟುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ ಸೊಂಟ ಮುಟ್ಟಿದ ತುದಿಗೆ ಐದು ವರ್ಷ ವಯಸ್ಸು, ಅಷ್ಟೂ ವರ್ಷದ ಪೆಟ್ಟು ಅದರಲ್ಲಿದೆ. ಸೀಳಿದ ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿಯೇ ಶುರು ಮಾಡಿದೆವು. ಹಾಳೆಯ ಮೇಲಿನ ಎಣಿಕೆಯಲ್ಲಿ ಗಂಟು ಇರುವ ಕೂದಲೇ ರಾಶಿಯಾಗಿದ್ದರೆ, ತಲೆಯಲ್ಲಿ ಬೋಳು ಮಚ್ಚೆ ಕಂಡರೆ, ತುರಿಕೆ ಇದ್ದರೆ, ಟಾವೆಲಿನ ತಪ್ಪಲ್ಲ ಅದು, ಚರ್ಮದ ಡಾಕ್ಟರಿಗೆ ತೋರಿಸಿ.

ಮೂರು ತಿಂಗಳ ಮೇಲೆ ಮತ್ತೆ ಇಪ್ಪತ್ತು ಎಳೆ ಇಟ್ಟು ನೋಡಿದಾಗ ಗಂಟಿಲ್ಲದ್ದು ಐದು. ಬೈತಲೆಯ ಗಿಡ್ಡ ಕೂದಲು ಇನ್ನೂ ನಿಂತೇ ಇದ್ದವು, ಆದರೆ ಬೆರಳಿಗೆ ಸುತ್ತುವಷ್ಟು ಬೆಳೆದಿದ್ದವು. ಅವಳು ಆಸೆಪಟ್ಟು ತಂದ ಮೈಕ್ರೋಫೈಬರ್ ಬಟ್ಟೆಯಿಂದ ಅವಳ ಅಪ್ಪ ಒಂದು ದಿನ ಬೈಕಿನ ಟ್ಯಾಂಕ್ ಒರೆಸಿಬಿಟ್ಟರು. ಒಗೆದರೂ ಎಳೆಗಳ ನಡುವೆ ಮಣ್ಣಿನ ಕಣ ಉಳಿಯುತ್ತದೆ ಅಂತ ಅದನ್ನು ಬೈಕಿಗೇ ಬಿಟ್ಟುಕೊಟ್ಟು, ಅವಳೀಗ ಅಜ್ಜನ ಧೋತರದ ತುಂಡನ್ನು ತನ್ನ ಕಪಾಟಿನಲ್ಲೇ ಇಟ್ಟುಕೊಳ್ಳುತ್ತಾಳೆ.