ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗ್ತಿದ್ಯಾ? ನರದ ತೊಂದ್ರೆನೋ ಬರೀ ಉಳುಕೋ, ಮನೇಲೇ ನೋಡ್ಕೊಳ್ಳೋದು ಹೀಗೆ

ದಾವಣಗೆರೆ ಕಡೆಯ ಇಬ್ರು ಓರಗಿತ್ತಿಯರು ಒಂದೇ ದಿನ ನನ್ನ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಬಂದಿದ್ರು. ದೊಡ್ಡವ್ರಿಗೆ 46 ವರ್ಷ, ಮನೇಲೇ ಬ್ಲೌಸ್ ಹೊಲೀತಾರೆ. ಚಿಕ್ಕವ್ಳಿಗೆ 27, ಕಂಕುಳಲ್ಲಿ ನಾಲ್ಕು ತಿಂಗಳ ಮಗು. ಏನ್ ತೊಂದ್ರೆ ಅಂದ್ರೆ ಇಬ್ರೂ ಬಲಗೈ ಮಣಿಕಟ್ಟು ಹಿಡ್ಕೊಂಡು ಒಂದೇ ಮಾತು ಹೇಳಿದ್ರು, "ನರ ಎಳೆದೈತೆ ಮೇಡಂ". ಮೆಡಿಕಲ್ ಶಾಪಲ್ಲಿ ಇಬ್ರಿಗೂ ಒಂದೇ ನೋವಿನ ಜೆಲ್, ಒಂದೇ ನರದ ಮಾತ್ರೆ ಕೊಟ್ಟಿದ್ರು, ಒಂದೂವರೆ ತಿಂಗಳು ತಗೊಂಡ್ರೂ ಇಬ್ರಿಗೂ ಏನೂ ಕಡಿಮೆ ಆಗಿರ್ಲಿಲ್ಲ.

ಇಲ್ಲಿ ಎಡವಟ್ಟು ಶುರುವಾಗೋದೇ ನಮ್ಮ ಮಾತಲ್ಲಿ. ನಾವು ಎಲ್ಲದಕ್ಕೂ ನರ ಅಂತೀವಿ, ಕೈಮೇಲೆ ಹಸಿರಾಗಿ ಕಾಣೋ ರಕ್ತನಾಳಕ್ಕೂ ನರ, ಮಾಂಸಖಂಡವನ್ನ ಮೂಳೆಗೆ ಕಟ್ಟಿರೋ ಹುರಿಗೂ ನರ, ಸ್ಪರ್ಶ ಗೊತ್ತಾಗೋ ನಿಜವಾದ ನರಕ್ಕೂ ನರಾನೇ. ಆ ಹುರಿಗೆ ಡಾಕ್ಟರು ಟೆಂಡನ್ ಅಂತಾರೆ. ಟೆಂಡನ್ ಊದಿಕೊಂಡ್ರೆ ನೋವು ಬರುತ್ತೆ, ನರ ಅದುಮಿಕೊಂಡ್ರೆ ಜೋಮು ಬರುತ್ತೆ, ಮರಗಟ್ಟುತ್ತೆ. ಇದೊಂದನ್ನ ಬಿಡಿಸಿಕೊಂಡ್ರೆ ಮುಂದಿನ ದಾರಿ ಸುಮಾರು ಸಲೀಸು.

ಅಂಗೈ ಕಡೆ ಮಣಿಕಟ್ಟಲ್ಲಿ ಒಂದು ಇಕ್ಕಟ್ಟಾದ ಓಣಿ ಇದೆ ಅನ್ಕೊಳ್ಳಿ. ಕೆಳಗೆ ಮತ್ತು ಎರಡೂ ಪಕ್ಕ ಸಣ್ಣ ಸಣ್ಣ ಮೂಳೆ, ಮೇಲೆ ದಪ್ಪ ಪಟ್ಟಿ ಥರ ಒಂದು ಕಟ್ಟು. ಈ ಓಣಿ ಒಳಗೆ ಬೆರಳು ಮಡಚೋ 9 ಟೆಂಡನ್‌ಗಳು, ಅವುಗಳ ಜೊತೆಗೆ ಮೀಡಿಯನ್ ನರ ಅಂತ ಒಂದೇ ಒಂದು ನರ. ಓಣಿಗೇ ಕಾರ್ಪಲ್ ಟನಲ್ ಅಂತ ಹೆಸರು. ಒಳಗೆ ಸ್ವಲ್ಪ ಊತ ಬಂದ್ರೂ ಮೂಳೆ ಜರುಗಲ್ಲ, ಮೇಲಿನ ಪಟ್ಟಿನೂ ಅಷ್ಟಾಗಿ ಹಿಗ್ಗಲ್ಲ, ಮೆತ್ತಗಿರೋ ನರಾನೇ ಅದುಮಿಸಿಕೊಳ್ಳುತ್ತೆ. ರಾತ್ರಿ ಜಾಸ್ತಿ ಆಗೋದು ಯಾಕೆ ಅಂದ್ರೆ ನಿದ್ದೇಲಿ ನಾವು ಮಣಿಕಟ್ಟು ಮಡಚಿ ಕೆನ್ನೆ ಕೆಳಗೋ ಎದೆ ಹತ್ರನೋ ಇಟ್ಕೊಂಡಿರ್ತೀವಿ, ಮಡಚಿದಾಗ ಓಣಿ ಒಳಗಿನ ಒತ್ತಡ ಏರುತ್ತೆ, ಹಾಗೇ ಗಂಟೆಗಟ್ಲೆ ಇರುತ್ತೆ.

ಈಗ ಮನೇಲಿ ಮಾಡೋ ಕೆಲ್ಸಕ್ಕೆ ಬರೋಣ.

ಮೊದ್ಲು ಒಂದು ಹಾಳೆ ಮೇಲೆ ನಿಮ್ಮ ಕೈ ಇಟ್ಟು ಸುತ್ತ ಪೆನ್ನಲ್ಲಿ ಗೆರೆ ಎಳೀರಿ, ಮಕ್ಕಳು ಮಾಡ್ತಾರಲ್ಲ ಹಾಗೆ. ಅದನ್ನ ದಿಂಬಿನ ಪಕ್ಕ ಇಟ್ಕೊಳ್ಳಿ. ರಾತ್ರಿ ಎಚ್ಚರ ಆದ ತಕ್ಷಣ ಎಲ್ಲಿ ಜೋಮು ಇದೆಯೋ ಅಲ್ಲಿ ಗೀಚಿ, ಎಲ್ಲಿ ನೋವಿದೆಯೋ ಅಲ್ಲಿ ಚುಕ್ಕೆ ಇಡಿ. ಯಾಕೆ ಆಗಲೇ ಮಾಡ್ಬೇಕು ಅಂದ್ರೆ ಬೆಳಿಗ್ಗೆ ಕೇಳಿದ್ರೆ ಮುಕ್ಕಾಲು ಜನ "ಕೈಯೆಲ್ಲಾ ಜೋಮು" ಅಂತ ಹೇಳಿಬಿಡ್ತಾರೆ, ನಿದ್ದೆಗಣ್ಣಲ್ಲಿ ಹಾಗೇ ಅನ್ಸೋದು. ಕಿರುಬೆರಳನ್ನ ಬೇಕಂತಲೇ ಚಿವುಟಿ ನೋಡಿ. ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತೆ ಉಂಗುರಬೆರಳಲ್ಲಿ ನಡುಬೆರಳ ಕಡೆಗಿರೋ ಅರ್ಧ ಭಾಗಕ್ಕೆ ಹೋಗುತ್ತೆ, ಕಿರುಬೆರಳಿಗೆ ಹೋಗೋದು ಬೇರೆ ನರ. ಉಂಗುರಬೆರಳಿನ ಎರಡು ಪಕ್ಕಾನೂ ಹತ್ತಿ ಎಳೆಯಿಂದ ಸವರಿದಾಗ ಒಂದು ಪಕ್ಕ ಮಂಕು, ಇನ್ನೊಂದು ಪಕ್ಕ ಸರಿಯಾಗಿ ಗೊತ್ತಾಗ್ತಿದೆ ಅಂದ್ರೆ ಅದು ಕಾರ್ಪಲ್ ಟನಲ್ ಕಡೆಗೇ ಜೋರಾಗಿ ಬೊಟ್ಟು ಮಾಡುತ್ತೆ. ಹೊಲಿಯೋ ಅಕ್ಕನ ಹಾಳೇಲಿ ಇದೇ ಬಂತು, ಮೂರು ರಾತ್ರಿ ಗೀಚಿದ್ದೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ಚಿಕ್ಕವ್ಳ ಹಾಳೇಲಿ ಗೀಚಿದ್ದೇ ಇಲ್ಲ, ಹೆಬ್ಬೆರಳ ಬುಡದ ಪಕ್ಕದಲ್ಲಿ ಮಣಿಕಟ್ಟಿನ ಮೂಳೆ ಉಬ್ಬಿರೋ ಕಡೆ ನಾಲ್ಕೈದು ಚುಕ್ಕೆ ಅಷ್ಟೇ.

ಎರಡನೇದು, ಎಚ್ಚರ ಆದಾಗ ನೀವು ಕೈನ ಏನ್ ಮಾಡ್ತೀರ ಅಂತ ಗಮನಿಸಿ. ಥರ್ಮಾಮೀಟರ್ ಒದರೋ ಹಾಗೆ ಕೈ ಒದರ್ತೀರಾ, ಒದರಿದ್ಮೇಲೆ ಐದು ಹತ್ತು ನಿಮಿಷದಲ್ಲಿ ಹಗುರ ಆಗುತ್ತಾ? ಹಾಗಿದ್ರೆ ನರದ ಕಡೆ ಯೋಚ್ನೆ ಮಾಡ್ಬೇಕು. ಟೆಂಡನ್ ನೋವಿರೋರು ಕೈ ಒದರೋಕೆ ಹೋಗಲ್ಲ, ಒದರಿದ್ರೆ ಅವ್ರಿಗೆ ಪ್ರಾಣ ಹೋದಂಗಾಗುತ್ತೆ, ಅಲ್ಲಾಡಿಸದೆ ಹಿಡ್ಕೊಂಡು ಕೂರ್ತಾರೆ.

ಮೂರನೇದು ಒಂದು ನಿಮಿಷದ ಟೆಸ್ಟ್, ಫೇಲನ್ ಟೆಸ್ಟ್ ಅಂತಾರೆ. ಎರಡೂ ಮೊಣಕೈ ಟೇಬಲ್ ಮೇಲೆ ಊರಿ, ಮುಂಗೈ ನೆಟ್ಟಗೆ ಮೇಲಕ್ಕೆ ಇರ್ಲಿ, ಮಣಿಕಟ್ಟನ್ನ ಸಡಿಲ ಬಿಟ್ಟು ಕೈಗಳು ತಾವಾಗೇ ಮುಂದಕ್ಕೆ ಬೀಳೋಕೆ ಬಿಡಿ. ಒತ್ತಬೇಡಿ. ಗಡಿಯಾರ ನೋಡ್ಕೊಂಡು 60 ಸೆಕೆಂಡ್. ಅಷ್ಟರೊಳಗೆ ಆ ಮೂರು ಮೂರೂವರೆ ಬೆರಳಲ್ಲಿ ಜೋಮು ಬಂದ್ರೆ ಟೆಸ್ಟ್ ಪಾಸಿಟಿವ್. ಬರೀ ಮಣಿಕಟ್ಟು ನೋಯ್ತು ಅಂದ್ರೆ ಅದು ಲೆಕ್ಕಕ್ಕಿಲ್ಲ, ತುಂಬಾ ಜನ ಇಲ್ಲೇ ತಪ್ಪು ಓದ್ತಾರೆ. ಇನ್ನೊಂದು ಮಾತು, ಈ ಟೆಸ್ಟಲ್ಲಿ ಏನೂ ಬರ್ಲಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ವರ್ಷಗಟ್ಲೆಯಿಂದ ಅದುಮಿಸಿಕೊಂಡು ಬೆರಳು ಯಾವಾಗ್ಲೂ ಮರಗಟ್ಟೇ ಇರೋರಿಗೆ ಹೊಸದಾಗಿ ಜೋಮು ಬರೋದೇ ಗೊತ್ತಾಗದೆ ಇರಬಹುದು.

ನಾಲ್ಕನೇದು ಟೆಂಡನ್‌ಗೆ. ಹೆಬ್ಬೆರಳನ್ನ ಅಂಗೈಗೆ ಮಡಚಿ ಅದರ ಮೇಲೆ ಉಳಿದ ಬೆರಳು ಮುಚ್ಚಿ ಮುಷ್ಟಿ ಮಾಡಿ, ಆಮೇಲೆ ಮುಷ್ಟೀನ ನಿಧಾನವಾಗಿ ಕಿರುಬೆರಳ ಕಡೆಗೆ ಬಾಗಿಸಿ. ಹೆಬ್ಬೆರಳ ಬುಡದ ಪಕ್ಕ ಚಾಕು ಹಾಕಿದಂಗೆ ನೋವು ಬಂದ್ರೆ, ಅಲ್ಲೇ ಒಂದು ಬೆರಳಿಟ್ಟು ಒತ್ತಿದ್ರೂ ನೋಯ್ತಿದೆ ಅಂದ್ರೆ, ಹೆಬ್ಬೆರಳು ಅಗಲಿಸೋ ಮತ್ತು ಎತ್ತೋ ಎರಡು ಟೆಂಡನ್‌ಗಳ ಕವಚ ಊದಿಕೊಂಡಿದೆ ಅಂತ ಅರ್ಥ. ಇದಕ್ಕೆ ಡಿಕ್ವೆರ್ವೇನ್ ಅಂತ ಹೆಸರು, ಹೆಸರು ನೆನಪಿರದಿದ್ರೂ ಪರ್ವಾಗಿಲ್ಲ. ಏನೂ ತೊಂದ್ರೆ ಇಲ್ದೋರಿಗೂ ಸ್ವಲ್ಪ ಎಳೆತ ಆಗುತ್ತೆ, ಅದಕ್ಕೆ ಮೊದ್ಲು ಚೆನ್ನಾಗಿರೋ ಕೈಯಲ್ಲಿ ಮಾಡಿ ಹೋಲಿಸಿ, ಜೋರಾಗಿ ಬಾಗಿಸಬೇಡಿ. ಚಿಕ್ಕವ್ಳು ಅರ್ಧ ಬಾಗಿಸೋ ಅಷ್ಟರಲ್ಲೇ ಕೈ ಕಿತ್ಕೊಂಡ್ಳು. ಮಗು ಎತ್ತೋವಾಗ ಎರಡೂ ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೊಟ್ಟು ಎತ್ತೋದು, ದಿನಕ್ಕೆ ನಲವತ್ತು ಐವತ್ತು ಸಲ, ಬಾಣಂತಿಯರಲ್ಲಿ ಈ ನೋವು ಕಾಣಿಸ್ಕೊಳ್ಳೋಕೆ ಅದೇ ದೊಡ್ಡ ಕಾರಣ.

ಒಂದು ಗೋಜಲು ಇದೆ, ಹೇಳ್ಲೇಬೇಕು. ಡಿಕ್ವೆರ್ವೇನ್ ಇರೋರಿಗೂ ಕೆಲವು ಸಲ ಹೆಬ್ಬೆರಳ ಹಿಂಭಾಗದಲ್ಲಿ ಚುಮುಚುಮು ಅನ್ಸುತ್ತೆ, ಊತದ ಮೇಲೇ ಒಂದು ಸಣ್ಣ ನರ ಹಾದು ಹೋಗಿರೋದ್ರಿಂದ. ಆದ್ರೆ ಅದು ಕೈ ಹಿಂಭಾಗ, ಕಾರ್ಪಲ್ ಟನಲ್‌ದು ಬೆರಳುಗಳ ಅಂಗೈ ಕಡೆ ಮತ್ತು ತುದಿ. ಕಿರುಬೆರಳು ಸೇರಿಸಿ ಜೋಮು ಅಂದ್ರೆ ಮೊಣಕೈ ಹತ್ರದ ನರ ನೋಡಿಸ್ಬೇಕು. ಕುತ್ತಿಗೆ ತಿರುಗಿಸಿದ್ರೆ ತೋಳಿಗೆ ಇಳಿಯುತ್ತೆ ಅಂದ್ರೆ ಕುತ್ತಿಗೆ. ಸಕ್ಕರೆ ಕಾಯಿಲೆ ಇದ್ದು ಎರಡೂ ಪಾದದಲ್ಲಿ ಮೊದ್ಲು ಜೋಮು ಶುರುವಾಗಿದ್ರೆ ಅದೇ ಬೇರೆ ಕಥೆ. ಇದ್ದಕ್ಕಿದ್ದಂಗೆ ಒಂದು ಕೈ ಬಲ ಹೋಗಿ ಬಾಯಿ ಸೊಟ್ಟ ಆಯ್ತು, ಮಾತು ತೊದಲ್ತು ಅಂದ್ರೆ ಈ ಟೆಸ್ಟ್ ಗಿಸ್ಟ್ ಯಾವುದೂ ಬೇಡ, ತಕ್ಷಣ ಆಸ್ಪತ್ರೆ.

ಕೊನೇ ಪರೀಕ್ಷೆ ಬಲದ್ದು, ಇದನ್ನ ಮಾತ್ರ ಬಿಡಬೇಡಿ. ಅಂಗೈ ಮೇಲೆ ಮಾಡಿ ಕೈನ ಟೇಬಲ್ ಮೇಲಿಟ್ಟು ಹೆಬ್ಬೆರಳನ್ನ ನೇರ ಚಾವಣಿ ಕಡೆ ಎತ್ತಿ, ಮನೆಯವ್ರಿಗೆ ಒಂದು ಬೆರಳಲ್ಲಿ ಅದನ್ನ ಕೆಳಗೆ ಒತ್ತೋಕೆ ಹೇಳಿ. ಇನ್ನೊಂದು ಕೈಗೆ ಹೋಲಿಸಿದ್ರೆ ಸುಲಭವಾಗಿ ಬಿದ್ದು ಹೋಗ್ತಿದ್ಯಾ? ಹೆಬ್ಬೆರಳ ಬುಡದ ಉಬ್ಬು ಇನ್ನೊಂದು ಕೈಗಿಂತ ಚಪ್ಪಟೆ ಆಗಿದ್ಯಾ? ಬ್ಲೌಸ್ ಹುಕ್ ಹಾಕೋಕೆ, ಸೂಜಿ ಹಿಡಿಯೋಕೆ ಆಗ್ತಿಲ್ವಾ? ಹೌದು ಅಂದ್ರೆ ಮನೆಮದ್ದಿಗೆ ಇನ್ನು ಟೈಮ್ ಕೊಡಬೇಡಿ. ಜೋಮು ವಾಪಸ್ ಹೋಗಬಹುದು, ಕರಗಿ ಹೋದ ಮಾಂಸಖಂಡ ಆಪರೇಷನ್ ಆದ್ಮೇಲೂ ಪೂರ್ತಿ ವಾಪಸ್ ಬರದೇ ಇರಬಹುದು.

ಬಲ ಸರಿ ಇದೆ, ರಾತ್ರಿ ಜೋಮು ಮಾತ್ರ ಅಂದ್ರೆ ಮೊದಲ ಚಿಕಿತ್ಸೆ ರಾತ್ರಿ ಸ್ಪ್ಲಿಂಟ್, ಅಂದ್ರೆ ಮಣಿಕಟ್ಟು ಮಡಚದ ಹಾಗೆ ಹಿಡಿಯೋ ಆಸರೆ, ಆರು ವಾರ ಬಿಡದೆ. ಇಲ್ಲೊಂದು ಸೂಕ್ಷ್ಮ ಇದೆ. ಅಂಗಡೀಲಿ ಸಿಗೋ ಎಷ್ಟೋ ಮಣಿಕಟ್ಟು ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಮೊದ್ಲೇ ಬಾಗಿರುತ್ತೆ, ಹಾಕ್ಕೊಂಡ್ರೆ ಕೈ ಹಿಂದಕ್ಕೆ ಎದ್ದು ನಿಲ್ಲುತ್ತೆ. ಮುಂದಕ್ಕೆ ಬಾಗಿದ್ರೆ ಹೇಗೋ ಹಿಂದಕ್ಕೆ ಬಾಗಿದ್ರೂ ಹಾಗೇ, ಓಣಿ ಒಳಗೆ ಒತ್ತಡ ಏರುತ್ತೆ. ಪಟ್ಟಿ ಹೊರಗೆ ತೆಗೆದು ಕೈಯಲ್ಲೇ ನೆಟ್ಟಗೆ ಮಾಡಿ ವಾಪಸ್ ಹಾಕಿ, ಮುಂಗೈ ಮತ್ತು ಅಂಗೈ ಒಂದೇ ಸಾಲಲ್ಲಿ ಬರ್ಬೇಕು, ಬೆರಳು ಆರಾಮಾಗಿ ಮಡಚೋಕೆ ಬರ್ಬೇಕು, ಸ್ಪ್ಲಿಂಟ್ ಬಿಗಿಯೋ ಬೆಲ್ಟ್ ಕೆಳಗೆ ಒಂದು ಬೆರಳು ತೂರಬೇಕು. ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ಕೊಂಡು ಮಲಗೋರು ಇದ್ದಾರೆ, ಅದು ಕೈ ಮಡಚೋದನ್ನ ತಡೆಯೋದೂ ಇಲ್ಲ, ಮೇಲಿಂದ ಇನ್ನೂ ಅದುಮುತ್ತೆ. ಕೈಗೆ ಬಲ ಬರ್ಲಿ ಅಂತ ರಬ್ಬರ್ ಚೆಂಡು ಹಿಸುಕೋದೂ ಬೇಡ, ಗಟ್ಟಿಯಾಗಿ ಹಿಸುಕಿದಷ್ಟೂ ಆ 9 ಟೆಂಡನ್‌ಗಳು ನರದ ಪಕ್ಕ ಬಿಗಿಯಾಗುತ್ವೆ.

ಚಿಕ್ಕವ್ಳಿಗೆ ಇದೇ ಸ್ಪ್ಲಿಂಟ್ ಕೊಟ್ಟಿದ್ರೆ ದಂಡ, ಯಾಕಂದ್ರೆ ಹೆಬ್ಬೆರಳು ಆಡ್ತಾನೇ ಇರುತ್ತೆ. ಅವ್ಳಿಗೆ ಹೆಬ್ಬೆರಳನ್ನೂ ಸೇರಿಸಿ ಹಿಡಿಯೋ ಸ್ಪ್ಲಿಂಟ್ ಬೇಕಿತ್ತು, ಹಗಲು ಹೊತ್ತೂ. ಮಗು ಎತ್ತೋದನ್ನೂ ಬದಲಾಯಿಸಿದ್ವಿ, ಅಂಗೈ ಮೇಲೆ ಮಾಡಿ, ಒಂದು ಕೈ ಕುಂಡೆ ಕೆಳಗೆ ಒಂದು ಕೈ ಬೆನ್ನ ಕೆಳಗೆ, ಹೆಬ್ಬೆರಳು ಬೆರಳುಗಳ ಪಕ್ಕಕ್ಕೇ ಅಂಟಿರಬೇಕು. ನಾಲ್ಕು ವಾರಕ್ಕೆ ಅರ್ಧ ಕಡಿಮೆ ಆಯ್ತು, ಉಳಿದಿದ್ದಕ್ಕೆ ಆರ್ಥೋ ಡಾಕ್ಟರು ಆ ಕವಚದೊಳಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ರು.

ದೊಡ್ಡವ್ರನ್ನ ನರದ ವೇಗ ಅಳೆಯೋ ಎನ್‌ಸಿವಿ ಟೆಸ್ಟಿಗೆ, ಜೊತೆಗೆ ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆಗೆ ಡಾಕ್ಟರ್ ಹತ್ರ ಕಳಿಸಿದೆ, ಯಾಕಂದ್ರೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರೋದು, ಸಂಧಿವಾತ, ಬಸಿರು ಇವೆಲ್ಲಾ ಆ ಓಣೀನ ಇನ್ನೂ ಇಕ್ಕಟ್ಟು ಮಾಡುತ್ವೆ. ಬಸಿರಲ್ಲಿ ಬಂದಿದ್ದು ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತೆ, ಥೈರಾಯ್ಡ್‌ದು ಹಾಗಲ್ಲ, ಮಾತ್ರೆ ಬೇಕು. ಇವ್ರಿಗೆ ಥೈರಾಯ್ಡ್ ಕಡಿಮೆ ಇದ್ದಿದ್ದು ಅವತ್ತೇ ಗೊತ್ತಾಗಿದ್ದು, ಮಾತ್ರೆ ಶುರುವಾಯ್ತು. ಎನ್‌ಸಿವಿಯಲ್ಲಿ ನರ ನಿಧಾನ ಆಗಿತ್ತು, ಆದ್ರೆ ಹೆಬ್ಬೆರಳ ಬಲ ಉಳಿದಿತ್ತು. ಸ್ಪ್ಲಿಂಟ್ ಹಾಕಿ ಮಲಗಿದ ಮೂರನೇ ವಾರಕ್ಕೆ ರಾತ್ರಿ ಏಳೋದು ನಿಂತಿತು. ದಪ್ಪ ಕತ್ತರಿ ಹಿಡಿದು ಬಟ್ಟೆ ಕತ್ತರಿಸೋ ದಿನ ಮಾತ್ರ ತೋರುಬೆರಳ ತುದಿ ಇನ್ನೂ ಸ್ವಲ್ಪ ಮಂಕು ಅಂತಾರೆ, ಹಾಗಾಗಿ ಮೂರು ತಿಂಗಳಿಗೆ ಇನ್ನೊಂದು ಸಲ ಹೆಬ್ಬೆರಳ ಬಲ ನೋಡೋಕೆ ಬರೋದು ಅಂತ ಚೀಟಿಯಲ್ಲಿ ಬರ್ಕೊಟ್ಟಿದೀನಿ.