ಬೆದೆ ಕಾಣದ ಐದು ಹಸು, ಮೂರು ಇಂಜೆಕ್ಷನ್

ಕರು ಹಾಕಿ 60 ದಿನ ದಾಟಿದರೂ ಬೆದೆ ಕಣ್ಣಿಗೆ ಬೀಳದ ಹಸುಗಳಿಗೆ ನಾವು ಹಾರ್ಮೋನ್ ಇಂಜೆಕ್ಷನ್ ಕೊಡಿಸುತ್ತೇವೆ. ಹಾಲು ಜಾಸ್ತಿ ಕೊಡುವ ಹಸುವಿನ ಬೆದೆ ಕೆಲವೇ ಗಂಟೆ ಇದ್ದು, ನಡುರಾತ್ರಿಯಲ್ಲೇ ಮುಗಿದುಹೋಗಬಹುದು. ಹಾಗಾದಾಗ ಇಂಜೆಕ್ಷನ್‌ನಿಂದ ಅಂಡ ಬಿಡುಗಡೆಯ ಹೊತ್ತನ್ನೇ ನಿಗದಿ ಮಾಡಿ, ಬೆದೆಗಾಗಿ ಕಾಯದೆ ಕೃತಕ ಗರ್ಭಧಾರಣೆ ಮಾಡಿಸಬಹುದು.

ಸೂಜಿ ಚುಚ್ಚುವುದು ಇದರಲ್ಲಿ ಸಣ್ಣ ಕೆಲಸ. ಅದಕ್ಕೂ ಮೊದಲು ಡಾಕ್ಟರು ಗುದದ್ವಾರದಿಂದ ಕೈ ಹಾಕಿ ಅಂಡಾಶಯ, ಗರ್ಭಕೋಶ ಮುಟ್ಟಿ ನೋಡುವ ಐದು ನಿಮಿಷವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಬೆದೆ ಕಾಣದ ಐದು ಹಸುಗಳನ್ನು ಒಮ್ಮೆ ಹೀಗೆ ಸಾಲಾಗಿ ನಿಲ್ಲಿಸಿದ್ದೆವು. ಎರಡರ ಅಂಡಾಶಯದಲ್ಲಿ, ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲೂಟಿಯಂ ಎಂಬ ಗಂಟು ಕೈಗೆ ಸಿಕ್ಕಿತು. ಅಂದರೆ ಅವು ಬೆದೆಗೆ ಬರುತ್ತಲೇ ಇದ್ದವು, ನಾವು ಗಮನಿಸಿರಲಿಲ್ಲ ಅಷ್ಟೆ. ಮೂರನೆಯದು ಸೊರಗಿತ್ತು, ಅದರ ಅಂಡಾಶಯ ಸಣ್ಣದಾಗಿ, ನುಣ್ಣಗಿತ್ತು. ನಾಲ್ಕನೆಯದರ ಗರ್ಭಕೋಶದಲ್ಲಿ ಕೀವು ತುಂಬಿತ್ತು. ಐದನೆಯದು ಎರಡು ತಿಂಗಳ ಗಬ್ಬ!

ಹೊರಗಿನಿಂದ ನೋಡಿದರೆ ಐದೂ ಒಂದೇ ಥರ. ಆದರೆ ಈ ಪದ್ಧತಿಯ ನಡುವೆ ಕೊಡುವ ಪ್ರೊಸ್ಟಾಗ್ಲಾಂಡಿನ್ ಆ ಕಾರ್ಪಸ್ ಲೂಟಿಯಂ ಅನ್ನೇ ಕರಗಿಸುವ ಔಷಧ. ಗಬ್ಬ ನಿಲ್ಲಲು ಅದೇ ಗಂಟು ಆಧಾರ. ಐದನೆಯ ಹಸುವಿಗೆ ಅದನ್ನು ಕೊಟ್ಟಿದ್ದರೆ ಕಂದು ಹಾಕುತ್ತಿತ್ತು. ಸೊರಗಿದ ಹಸುವಿನಲ್ಲಿ ಕರಗಿಸಲು ಗಂಟೇ ಇಲ್ಲ, ಔಷಧ ದಂಡ. ಅದಕ್ಕೆ ಮೊದಲು ಮೇವು, ಖನಿಜ ಮಿಶ್ರಣ ಸರಿಮಾಡಬೇಕು. ಆಮೇಲೆ ಬೇಕಿದ್ದರೆ ಯೋನಿಯೊಳಗೆ ಪ್ರೊಜೆಸ್ಟರಾನ್ ಹಾರ್ಮೋನ್ ಬಿಡುವ ಸಾಧನ ಇಡುವ ಬೇರೆ ದಾರಿಯಿದೆ. ಕೀವು ತುಂಬಿದ ಹಸುವಿಗೆ ಡಾಕ್ಟರು ಪ್ರೊಸ್ಟಾಗ್ಲಾಂಡಿನ್ ಕೊಟ್ಟರು, ಆದರೆ ಕೀವು ಹೊರಹಾಕಲೆಂದು. ಅದರಿಂದ ಬಂದ ಬೆದೆಯಲ್ಲಿ ಗರ್ಭಧಾರಣೆ ಮಾಡಿಸಲಿಲ್ಲ.

ಉಳಿದ ಎರಡಕ್ಕೆ ಓವ್‌ಸಿಂಕ್ ಪದ್ಧತಿ ಬರೆದುಕೊಟ್ಟರು. ಸೋಮವಾರ ಬೆಳಗ್ಗೆ 8ಕ್ಕೆ ಅಂಡ ಬಿಡುಗಡೆ ಮಾಡಿಸುವ ಜಿಎನ್‌ಆರ್‌ಎಚ್ ಹಾರ್ಮೋನ್: ಬುಸೆರೆಲಿನ್ 10 ಮೈಕ್ರೊಗ್ರಾಂ. ಅಂಡಾಶಯದಲ್ಲಿ ಅಂಡವನ್ನು ಹೊತ್ತ ಬಲಿತ ಕೋಶಕವಿದ್ದರೆ ಅದು ಒಡೆದು, ಹೊಸದೊಂದು ಬೆಳೆಯಲು ಶುರುವಾಗುತ್ತದೆ. ಮುಂದಿನ ಸೋಮವಾರ 8ಕ್ಕೆ ಪ್ರೊಸ್ಟಾಗ್ಲಾಂಡಿನ್: ಕ್ಲೊಪ್ರೊಸ್ಟೆನಾಲ್ 500 ಮೈಕ್ರೊಗ್ರಾಂ. ಅಲ್ಲಿಂದ 56 ಗಂಟೆಗೆ, ಅಂದರೆ ಬುಧವಾರ ಸಂಜೆ 4ಕ್ಕೆ, ಮತ್ತೆ ಜಿಎನ್‌ಆರ್‌ಎಚ್. ಗುರುವಾರ ಬೆಳಗ್ಗೆ 8ರಿಂದ 10ರೊಳಗೆ ಗರ್ಭಧಾರಣೆ. ಕೊನೆಯ ಇಂಜೆಕ್ಷನ್ ಆದ 24ರಿಂದ 32 ಗಂಟೆಯಲ್ಲಿ ಅಂಡ ಹೊರಬೀಳುತ್ತದೆ. ವೀರ್ಯ ಅದಕ್ಕಿಂತ ಮುಂಚೆಯೇ ಒಳಗಿದ್ದು ಸಿದ್ಧವಾಗಬೇಕು.

ಈ ಲೆಕ್ಕದಲ್ಲಿ ‘ಸಂಜೆ’ ಎಂದರೆ ಸಾಲದು, ಗಂಟೆಯನ್ನೇ ಬರೆದಿಡಬೇಕು. ಬುಧವಾರದ್ದನ್ನು ಹಾಲು ಕರೆದ ಮೇಲೆ ರಾತ್ರಿ ಕೊಟ್ಟರಾಯಿತೆಂದು ತಳ್ಳಿದರೆ ಗುರುವಾರದ ವೇಳೆಯೂ ತಪ್ಪುತ್ತದೆ. ಬಾಟಲಿ ಅದಲುಬದಲಾಗುವುದು ಇನ್ನೊಂದು ತಪ್ಪು. ಎರಡೂ ಬಣ್ಣವಿಲ್ಲದ ನೀರಿನಂತಿರುತ್ತವೆ. ಸಿರಿಂಜಿಗೆ ಎಳೆಯುವ ಮೊದಲು ಹೆಸರನ್ನು ಗಟ್ಟಿಯಾಗಿ ಓದಿ. ಒಂದು ಮಿಲಿಯಲ್ಲಿ ಎಷ್ಟು ಮೈಕ್ರೊಗ್ರಾಂ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಎಷ್ಟು ಮಿಲಿ ಎಂಬುದನ್ನು ಡಾಕ್ಟರೇ ಚೀಟಿಯಲ್ಲಿ ಬರೆಯಬೇಕು. ಪ್ರತಿ ಹಸುವಿಗೂ ಹೊಸ ಸೂಜಿ, ಆಳವಾಗಿ ಮಾಂಸಖಂಡಕ್ಕೆ. ಗಿಡ್ಡ ಸೂಜಿಯಿಂದ ಕೊಬ್ಬಿನಲ್ಲಿ ಉಳಿದ ಔಷಧ ಸರಿಯಾಗಿ ಕೆಲಸ ಮಾಡದು.

ಪ್ರೊಸ್ಟಾಗ್ಲಾಂಡಿನ್ ಮನುಷ್ಯರ ಚರ್ಮದ ಮೂಲಕವೂ ಒಳಸೇರುತ್ತದೆ. ಗರ್ಭಿಣಿಯರು, ಆಸ್ತಮಾ ಇರುವವರು ಬಾಟಲಿ ಮುಟ್ಟಲೇಬಾರದು. ಉಳಿದವರು ಕೈಗವಸು ಹಾಕಿಕೊಳ್ಳಬೇಕು. ಚೆಲ್ಲಿದರೆ ಕೂಡಲೇ ಸೋಪು, ನೀರಿನಲ್ಲಿ ತೊಳೆದುಕೊಳ್ಳಬೇಕು.

ನಡುವೆಯೇ ಹಸು ಹಾರಲು ನಿಂತರೆ, ಗಾಜಿನಂಥ ಲೋಳೆ ಸುರಿಸಿದರೆ ವೇಳಾಪಟ್ಟಿಗೆ ಜೋತುಬೀಳಬೇಡಿ. ಡಾಕ್ಟರಿಗೆ ತಿಳಿಸಿ, ಆ ಬೆದೆಗೇ ಗರ್ಭಧಾರಣೆ ಮಾಡಿಸಿ, ಉಳಿದ ಇಂಜೆಕ್ಷನ್ ಬಿಡುವುದು ಸರಿ. ಇನ್ನು ಕಡಸುಗಳಲ್ಲಿ ಈ ಪದ್ಧತಿ ಅಷ್ಟಾಗಿ ಕೂಡಿಬರುವುದಿಲ್ಲ. ಅವುಗಳ ಕೋಶಕ ಬೆಳೆಯುವ ಲಯವೇ ಬೇರೆ.

ಎಲ್ಲ ಸರಿಯಾಗಿ ಮಾಡಿದರೂ ಸಾಮಾನ್ಯವಾಗಿ 100ರಲ್ಲಿ 30ರಿಂದ 40 ಹಸು ಗಬ್ಬ ಕಟ್ಟುತ್ತವೆ. ಒಳ್ಳೆಯ ಬೆದೆ ನೋಡಿ ಮಾಡಿಸಿದಾಗ ಸಿಗುವುದಕ್ಕಿಂತ ಹೆಚ್ಚೇನಲ್ಲ. ಲಾಭವೆಂದರೆ, ಕಣ್ತಪ್ಪಿದ ಬೆದೆಗಾಗಿ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ. ಗರ್ಭಧಾರಣೆಯಾದ 18ರಿಂದ 24ನೇ ದಿನದವರೆಗೆ ಹಸುವಿನ ಮೇಲೆ ಕಣ್ಣಿಡಿ. ಬೆದೆ ಕಾಣಲಿಲ್ಲವೆಂದು ಗಬ್ಬ ಎಂದುಕೊಳ್ಳುವಂತಿಲ್ಲ. ಕಂಡಿತೆಂದು ಖಾಲಿ ಎನ್ನುವಂತೆಯೂ ಇಲ್ಲ, ಗಬ್ಬದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರುತ್ತವೆ. ಎರಡನೇ ಸುತ್ತಿನ ಇಂಜೆಕ್ಷನ್ ಶುರುವಾಗಬೇಕಾದರೆ ಡಾಕ್ಟರು ಮತ್ತೊಮ್ಮೆ ಕೈ ಹಾಕಿ ನೋಡಿ, ಗರ್ಭಕೋಶ ಖಾಲಿಯಿದೆ ಎನ್ನಬೇಕು.