ವರ್ಷದ ಬ್ರಾಡ್‌ಬ್ಯಾಂಡ್ ಪ್ಲಾನ್‌ಗೆ ನಡುವೆ ದರ ಏರಿಸಿದಾಗ: ಹಳೆಯ ದರ ಕೇಳಿದ್ದು ಹೇಗೆ

ವರ್ಷದ ಹಣ ಮುಂಗಡ ಕಟ್ಟಿಸಿಕೊಂಡು, ಆರು ತಿಂಗಳಾದ ಮೇಲೆ "ಪ್ಲಾನ್ ಪರಿಷ್ಕರಣೆಯಾಗಿದೆ, ವ್ಯತ್ಯಾಸದ ಹಣ ಕಟ್ಟಿ" ಎಂದು ಎಸ್‌ಎಂಎಸ್ ಕಳಿಸುವುದು ಬ್ರಾಡ್‌ಬ್ಯಾಂಡ್ ಕಂಪನಿಗಳ ಹಳೆಯ ಚಾಳಿ. ಬೆಂಗಳೂರಿನ ಮನೆಯ ಸಂಪರ್ಕವೊಂದಕ್ಕೆ ಇಂಥ ಎಸ್‌ಎಂಎಸ್ ಬಂದಾಗ ನಾನು ಆಕ್ಷೇಪಣೆ ಸಲ್ಲಿಸಿದ ಕ್ರಮವನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಪ್ಲಾನ್ 8,000 ರೂಪಾಯಿಯದು. ಶೇ 18ರ ಜಿಎಸ್‌ಟಿ 1,440 ಸೇರಿ ಕಟ್ಟಿದ್ದು 9,440. ಅವಧಿ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ, ಒಟ್ಟು 365 ದಿನ. ಅಕ್ಟೋಬರ್ 10ರಂದು 1,180 ರೂಪಾಯಿ ವ್ಯತ್ಯಾಸ ಕಟ್ಟಬೇಕೆಂಬ ಎಸ್‌ಎಂಎಸ್ ಬಂತು, ಜೊತೆಗೆ ಹಣ ಕಟ್ಟುವ ಲಿಂಕ್. ಅದಕ್ಕೂ ಮುಂಚೆ ಯಾವ ಸೂಚನೆಯೂ ಇರಲಿಲ್ಲ.

ಮೊದಲ ಕೆಲಸ ಆ ಲಿಂಕ್ ಮುಟ್ಟದಿರುವುದು. ಕಟ್ಟಿದರೆ "ಗ್ರಾಹಕರು ಹೊಸ ದರ ಒಪ್ಪಿದ್ದಾರೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ನೆಟ್ ನಿಂತರೆ ನಡೆಯುವುದಿಲ್ಲ, ಕಟ್ಟಲೇಬೇಕಾಗುತ್ತದೆ. ಆಗ ಕಟ್ಟುವ ಮುಂಚೆಯೇ "ಆಕ್ಷೇಪಣೆಯನ್ನು ಉಳಿಸಿಕೊಂಡು ಕಟ್ಟುತ್ತಿದ್ದೇನೆ, ಹೊಸ ದರಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದು ಇಮೇಲ್ ಕಳಿಸಿರಬೇಕು. ಕಟ್ಟಿದ ಮೇಲೆ ಬರೆದರೆ ಅದರ ತೂಕ ಅರ್ಧಕ್ಕಿಳಿಯುತ್ತದೆ.

ಆಮೇಲೆ ದಾಖಲೆ. ಜಿಎಸ್‌ಟಿ ಇನ್‌ವಾಯ್ಸ್, ಪ್ಲಾನ್ ಚಾಲೂ ಆದ ದಿನದ ಎಸ್‌ಎಂಎಸ್, ಅಕೌಂಟ್ ಪುಟದಲ್ಲಿ ವ್ಯಾಲಿಡಿಟಿ ಕಾಣುವ ಸ್ಕ್ರೀನ್‌ಶಾಟ್, ಇವು ಮೂರಿದ್ದರೆ ಸಾಕು. ಸ್ಕ್ರೀನ್‌ಶಾಟನ್ನು ಅದೇ ದಿನ ತೆಗೆಯಿರಿ, ಯಾಕೆಂದರೆ ದೂರು ದಾಖಲಾದ ಮೇಲೆ ಆ ಪುಟದ ದಿನಾಂಕ ಬದಲಾಗುವುದುಂಟು. ಇನ್‌ವಾಯ್ಸ್‌ನಲ್ಲಿ ಅವಧಿ ನಮೂದಾಗಿದೆಯೇ ಎಂದು ವಿಶೇಷವಾಗಿ ನೋಡಿ. ಬರೀ ಪ್ಲಾನಿನ ಹೆಸರಿದ್ದು ದಿನಾಂಕ ಇಲ್ಲದಿದ್ದರೆ ಎಸ್‌ಎಂಎಸ್ಸೇ ನಿಮ್ಮ ಮುಖ್ಯ ಸಾಕ್ಷಿ.

ದರ ಏರಿಕೆ ಯಾವಾಗಲೂ ರೂಪಾಯಿಯ ರೂಪದಲ್ಲೇ ಬರುವುದಿಲ್ಲ. ವ್ಯಾಲಿಡಿಟಿಯನ್ನು 365ರಿಂದ 320 ದಿನಕ್ಕೆ ಇಳಿಸಿದರೂ ದಿನದ ದರ ಏರಿದಂತೆಯೇ. ಒಪ್ಪಿಕೊಂಡಿದ್ದ ಡೇಟಾ ಮಿತಿಯನ್ನು ನಡುವೆ ಕಡಿತ ಮಾಡಿದರೂ ಅಷ್ಟೇ. ಆಕ್ಷೇಪಣೆ ಬರೆಯುವ ಕ್ರಮ ಎಲ್ಲಕ್ಕೂ ಒಂದೇ.

ಇನ್ನು ಹಕ್ಕಿನ ಮಾತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ದರ ಆದೇಶಕ್ಕೆ ತಂದ 43ನೇ ತಿದ್ದುಪಡಿಯ ಪ್ರಕಾರ, ಮುಂಗಡ ಹಣ ಪಡೆದು ಆರು ತಿಂಗಳಿಗಿಂತ ಹೆಚ್ಚು ಅವಧಿಗೆ ಕೊಟ್ಟ ಪ್ಲಾನ್ ಆ ಅವಧಿ ಮುಗಿಯುವವರೆಗೂ ಗ್ರಾಹಕರಿಗೆ ಸಿಗಬೇಕು, ಅಷ್ಟರೊಳಗೆ ದರ ಏರಿಸುವಂತಿಲ್ಲ. ಕಂಪನಿಯವರು "ದರ ಬದಲಿಸುವ ಹಕ್ಕು ನಮ್ಮದು" ಎಂಬ ಷರತ್ತನ್ನು ತೋರಿಸುತ್ತಾರೆ. ಆ ಷರತ್ತು ಮುಂದಿನ ನವೀಕರಣಕ್ಕೆ ಸರಿ. ಹಣ ಪಡೆದಾಗಿರುವ ಅವಧಿಗೆ ಅದನ್ನು ಅನ್ವಯಿಸಿದರೆ ಟ್ರಾಯ್ ಆದೇಶಕ್ಕೆ ವಿರುದ್ಧ ಎಂದು ನೇರವಾಗಿ ಬರೆಯಬೇಕು.

ಪತ್ರದಲ್ಲಿ ಎರಡು ಬೇಡಿಕೆ ಇಟ್ಟೆ, ಆಯ್ಕೆಯನ್ನು ನನ್ನ ಕೈಯಲ್ಲೇ ಉಳಿಸಿಕೊಂಡೆ. ಮುಖ್ಯ ಭಾಗ ಹೀಗಿತ್ತು:

"01-04-2025ರಿಂದ 31-03-2026ರವರೆಗಿನ ಪ್ಲಾನ್‌ಗೆ ರೂ. 9,440 ಪೂರ್ತಿ ಪಾವತಿಸಿದ್ದೇನೆ. 10-10-2025ರಂದು ಕೇಳಿರುವ ರೂ. 1,180 ನಾನು ಕೊಡಬೇಕಾದ ಹಣವಲ್ಲ. ಈ ಬೇಡಿಕೆಯನ್ನು ರದ್ದುಪಡಿಸಿ, 31-03-2026ರವರೆಗೆ ಹಳೆಯ ದರದಲ್ಲೇ ಸೇವೆ ಮುಂದುವರಿಸುವುದಾಗಿ ಲಿಖಿತವಾಗಿ ತಿಳಿಸಿ. ಅದು ಆಗದಿದ್ದಲ್ಲಿ, ನಾನು ಲಿಖಿತವಾಗಿ ಕೋರಿದರೆ ಮಾತ್ರ, ಉಳಿದ 172 ದಿನಗಳ ಹಣ ರೂ. 4,448 ಅನ್ನು 15 ದಿನದೊಳಗೆ ಹಿಂದಿರುಗಿಸಿ."

"ನಾನು ಲಿಖಿತವಾಗಿ ಕೋರಿದರೆ ಮಾತ್ರ" ಎಂಬ ತುಂಡನ್ನು ಬಿಡಬೇಡಿ. ಅದಿಲ್ಲದಿದ್ದರೆ ಕಂಪನಿ ತಾನೇ ಸಂಪರ್ಕ ಮುಚ್ಚಿ ಹಣ ವಾಪಸ್ ಹಾಕಿ ಕೈತೊಳೆದುಕೊಳ್ಳಬಹುದು. ಎಲ್ಲ ಕಡೆ ದರ ಏರಿರುವಾಗ 4,448 ರೂಪಾಯಿಗೆ 172 ದಿನದ ಅಂಥದೇ ಸೇವೆ ಬೇರೆಡೆ ಸಿಗುವುದಿಲ್ಲ, ಹೊಸ ಸಂಪರ್ಕದ ಖರ್ಚು ಬೇರೆ. ನನ್ನ ಮಟ್ಟಿಗೆ ಹಳೆಯ ದರವೇ ಮೊದಲ ಬೇಡಿಕೆ, ಹಣ ವಾಪಸು ಎರಡನೆಯದು.

4,448 ಬಂದದ್ದು ಹೀಗೆ. ಏಪ್ರಿಲ್ 1ರಿಂದ ಅಕ್ಟೋಬರ್ 10 ಸೇರಿ 193 ದಿನ ಬಳಕೆಯಾಗಿತ್ತು, ಉಳಿದದ್ದು 172. 9,440 ಅನ್ನು 172ರಿಂದ ಗುಣಿಸಿ 365ರಿಂದ ಭಾಗಿಸಿದರೆ 4,448.44. ಕಂಪನಿ ಕೊಟ್ಟ ಲೆಕ್ಕ ಬೇರೆಯೇ ಇತ್ತು. ತಿಂಗಳ ಪ್ಲಾನ್ 999, ಜಿಎಸ್‌ಟಿ ಸೇರಿ 1,178.82. ಅಕ್ಟೋಬರ್‌ನ ಹತ್ತು ದಿನವನ್ನೂ ಪೂರ್ತಿ ತಿಂಗಳೆಂದು ಎಣಿಸಿ ಏಳು ತಿಂಗಳಿಗೆ 8,251.74 ಬಳಕೆ, ಬಾಕಿ 1,188.26 ಮಾತ್ರ ಎಂದರು. ಇಲ್ಲಿ ಎರಡು ತಪ್ಪಿದೆ. ಅರ್ಧಕ್ಕೇ ಬಿಟ್ಟುಹೋಗುವ ಗ್ರಾಹಕರಿಗೆ ವಾರ್ಷಿಕ ರಿಯಾಯಿತಿ ಕಳೆಯಬಹುದೇನೋ, ಆದರೆ ಇಲ್ಲಿ ಒಪ್ಪಂದ ಮುರಿದದ್ದು ಕಂಪನಿ. ಎರಡನೆಯದು, ದಿನದ ಲೆಕ್ಕದಲ್ಲಿ ಮಾರಿದ ಪ್ಲಾನನ್ನು ತಿಂಗಳಲ್ಲಿ ಎಣಿಸಿದ್ದು. "ಜಿಎಸ್‌ಟಿ ವಾಪಸ್ ಬರಲ್ಲ" ಎಂಬ ಮಾತೂ ಬಂತು. ಕ್ರೆಡಿಟ್ ನೋಟ್ ಕೊಟ್ಟು ತೆರಿಗೆ ಸರಿಹೊಂದಿಸಿಕೊಳ್ಳಲು ಜಿಎಸ್‌ಟಿ ಕಾಯ್ದೆಯ 34ನೇ ಕಲಂನಲ್ಲಿ ದಾರಿ ಇದೆ, ಹಾಗಾಗಿ ತೆರಿಗೆ ಸೇರಿಸಿಯೇ ಕೇಳಿ. ರೌಟರ್ ಠೇವಣಿಯನ್ನು ಈ ಲೆಕ್ಕದಲ್ಲಿ ಬೆರೆಸದೆ ಬೇರೆ ಸಾಲಿನಲ್ಲಿ ಬರೆಯಿರಿ.

ಪತ್ರವನ್ನು ಕಸ್ಟಮರ್ ಕೇರ್‌ಗೆ ಕಳಿಸಿ ದೂರಿನ ಗುರುತು ಸಂಖ್ಯೆಯಾದ ಡಾಕೆಟ್ ನಂಬರ್ ಪಡೆಯಬೇಕು. ಫೋನಿನಲ್ಲಿ "ನೋಟ್ ಮಾಡಿಕೊಂಡಿದ್ದೇವೆ ಸರ್" ಅಂದರೆ ಅದು ದೂರಲ್ಲ, ನಂಬರ್ ಎಸ್‌ಎಂಎಸ್‌ನಲ್ಲಿ ಬಂದರೆ ಮಾತ್ರ ದೂರು. ಉತ್ತರ ತೃಪ್ತಿಕರವಾಗಿರದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೇ ನೇರ ದೂರು ಕೊಟ್ಟು ಕಾಯುವವರು ಬಹಳ, ಆದರೆ ಅದು ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ. ಬಡಾವಣೆಯ ಸಣ್ಣ ಕೇಬಲ್ ಆಪರೇಟರ್ ಆದರೆ ಮೇಲ್ಮನವಿಯ ಏರ್ಪಾಡೇ ಸಿಗದಿರಬಹುದು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಬರೆಸಬಹುದು. ಈ ಸಹಾಯವಾಣಿ ಕಂಪನಿಯಿಂದ ಉತ್ತರ ತರಿಸುತ್ತದೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಗಡುವು ಎರಡು ವರ್ಷ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಷರತ್ತೇ "ಅನ್ಯಾಯದ ಒಪ್ಪಂದ" ಎಂದು ಘೋಷಿಸಿ ಅಂತ ಕೇಳಿದರೆ, 2019ರ ಕಾಯ್ದೆಯ ಪ್ರಕಾರ ಆ ವಿಚಾರ ರಾಜ್ಯ ಆಯೋಗದ್ದು, ಜಿಲ್ಲೆಯಲ್ಲಿ ಅರ್ಜಿ ನಿಲ್ಲುವುದಿಲ್ಲ. ಜಿಲ್ಲೆಯಲ್ಲಿ ಹಾಕುವಾಗ "ಸೇವಾ ನ್ಯೂನತೆ" ಮತ್ತು "ಅನುಚಿತ ವ್ಯಾಪಾರ ಪದ್ಧತಿ" ಎಂದಷ್ಟೇ ಬರೆಯಿರಿ. ಟೆಲಿಕಾಂ ತಕರಾರು ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ ಎಂದು ಕಂಪನಿ ವಕೀಲರು ವಾದಿಸಿದರೆ, 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬರುತ್ತದೆ ಎಂದೇ ತೀರ್ಪು ಕೊಟ್ಟಿದೆ.

ನಮ್ಮ ಪ್ರಕರಣ ಮೇಲ್ಮನವಿಯಲ್ಲೇ ಮುಗಿಯಿತು, 1,180ರ ಬೇಡಿಕೆ ರದ್ದಾಯಿತು. ಆದರೂ ಅವರ "ರಿಸಾಲ್ವ್ಡ್" ಎಸ್‌ಎಂಎಸ್ ನಂಬಿ ಫೈಲ್ ಮುಚ್ಚಬಾರದು. ಅಕೌಂಟ್ ಪುಟದಲ್ಲಿ ಬಾಕಿ ಸೊನ್ನೆ ಇದೆಯೇ, ವ್ಯಾಲಿಡಿಟಿ 31-03-2026 ಎಂದೇ ಇದೆಯೇ ನೋಡಬೇಕು. ನಡುವೆ ಸಂಪರ್ಕ ಕಡಿದಿದ್ದರೆ ಆ ದಿನಗಳನ್ನು ಕೊನೆಗೆ ಸೇರಿಸಿಕೊಡಿ ಎಂದು ಅದೇ ಡಾಕೆಟ್ ನಂಬರ್ ಹಾಕಿ ಮತ್ತೊಂದು ಸಾಲು ಬರೆಯಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ದರ ಹಾಗೇ ಉಳಿದಿದ್ದರೆ ಮುಂದಿನ ತಿಂಗಳು ಅದೇ 1,180 ಮತ್ತೆ ಬಾಕಿಯಾಗಿ ಕಾಣಿಸಿಕೊಳ್ಳುತ್ತದೆ.